ನೆನೆಲ್ ಎಂಬ ಪದ ಹುಡುಕುತ್ತಾ

ಅವತ್ತು ರಾತ್ರಿ ನಾನು ಸ್ಪ್ಯಾನಿಶ್ ನಿಘಂಟಿನಲ್ಲಿ 'ನೆನೆಲ್' ಹುಡುಕಿದೆ. ಸಿಗಲಿಲ್ಲ. 'ಸೋಚೊ' ಹುಡುಕಿದೆ, ಅದೂ ಇರಲಿಲ್ಲ. 'ಬಾಬೇರು' ಅಂತ ಏನೋ ಕೇಳಿಸಿತ್ತಲ್ಲ, ಅದನ್ನು ನಾಲ್ಕು ಥರ ಬರೆದು ನೋಡಿದೆ. ಮೂರೂ ಪದಗಳು ಪಕ್ಕದ ಮನೆಯ ಅಜ್ಜಿ ನನಗೆ ಕಳಿಸಿದ್ದ ಒಂದೇ ಧ್ವನಿ ಸಂದೇಶದಲ್ಲಿದ್ದವು. ಹತ್ತು ಸಲ ಕೇಳಿದ್ದೆ. ಪ್ರತಿ ಸಲವೂ ಅವು ಸ್ಪಷ್ಟವಾಗಿಯೇ ಕೇಳಿಸುತ್ತಿದ್ದವು.

ಮ್ಯಾಡ್ರಿಡ್‌ಗೆ ಕೆಲಸಕ್ಕೆ ಬರುವ ಮುಂಚೆ ಬೆಂಗಳೂರಿನಲ್ಲಿ ಎರಡು ವರ್ಷ ಸಂಜೆ ತರಗತಿಗೆ ಹೋಗಿ ಬಿ1 ಹಂತ ಮುಗಿಸಿದ್ದೆ. ಪತ್ರಿಕೆ ಓದಿದರೆ ಅರ್ಥವಾಗುತ್ತಿತ್ತು, ಕಚೇರಿಯ ಮಿಂಚಂಚೆಗೆ ಉತ್ತರ ಬರೆಯುತ್ತಿದ್ದೆ. ಆದರೆ ಲಾವಾಪಿಯೆಸ್ ಬಡಾವಣೆಯ ನಮ್ಮ ಬೀದಿಗೆ ಇಳಿದರೆ, ಕಲಿತದ್ದಕ್ಕೂ ಕೇಳುತ್ತಿರುವುದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತಿತ್ತು. ನನಗೆ ಗೊತ್ತಿರದ ಪದಗಳನ್ನು ಬಳಸುತ್ತಾರೆ, ಆಡುಮಾತೇ ಬೇರೆ ಇರಬೇಕು ಅಂತ ಅಂದುಕೊಂಡಿದ್ದೆ. ಆ ಸಂದೇಶದಲ್ಲಿ ನನಗೆ ಗೊತ್ತಿಲ್ಲದ ಪದ ಒಂದೂ ಇರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ಮರುದಿನ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ನೀರಿಲ್ಲ. ಕೊಡಪಾನವಿರಲಿ, ಒಂದು ಪಾತ್ರೆಯಲ್ಲೂ ತುಂಬಿಟ್ಟಿರಲಿಲ್ಲ. ಅಜ್ಜಿಯ ಬಾಗಿಲು ತಟ್ಟಿದೆ. ಅವರು ನನ್ನ ಮುಖ ನೋಡಿ, "ನಿನ್ನೆ ಸಭೆಗೆ ಬರಲಿಲ್ಲವಲ್ಲ ಮಗಳೇ, ಸಂದೇಶ ಕಳಿಸಿದ್ದೆ" ಅಂದರು. ಕೊಳವೆ ರಿಪೇರಿಗೆ ಮಧ್ಯಾಹ್ನದ ತನಕ ನೀರು ನಿಲ್ಲಿಸುತ್ತಾರೆ ಅಂತ ಹೇಳಲಿಕ್ಕೇ ಆ ಸಭೆ ಕರೆದಿದ್ದರಂತೆ. ನಾನು ಫೋನ್ ತೆಗೆದು ಸಂದೇಶ ಹಾಕಿ, "ನೆನೆಲ್ ಅಂದರೆ ಏನು?" ಅಂತ ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ತಮ್ಮ ದನಿಯನ್ನೇ ಮತ್ತೆ ಕೇಳಿಸಿಕೊಂಡರು, "ನಾನು ನೆನೆಲ್ ಅಂದೇ ಇಲ್ಲವಲ್ಲ" ಅಂದರು. ಇನ್ನೊಂದು ಸಲ ಕೇಳಿಸಿಕೊಂಡ ಮೇಲೆ ಅವರ ಮುಖ ಅರಳಿತು. ಅವರು ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರು.

ಅಡುಗೆಮನೆಯ ಮೇಜಿನ ಮೇಲೆ ಒಂದು ಚೀಟಿ ಇಟ್ಟು ಬರೆದುಕೊಟ್ಟರು. ಅದನ್ನು ಪದ ಪದ ಬಿಡಿಸಿ ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ: ಓಯೆ, ಕೆ ಆ ಲಾಸ್ ಓಚೊ ಬಾ ಆ ಅಬೇರ್ ಊನಾ ರೆವ್‌ನ್ಯೋನ್ ಎನ್ ಎಲ್ ಪೊರ್ತಾಲ್. 'ಕೇಳಮ್ಮಾ, ಎಂಟು ಗಂಟೆಗೆ ಕೆಳಗಿನ ಮುಂಬಾಗಿಲ ಪಡಸಾಲೆಯಲ್ಲಿ ಒಂದು ಸಭೆ ಇರುತ್ತದೆ.' ಹದಿಮೂರು ಪದಗಳು, ಎಲ್ಲವೂ ಮೊದಲ ಆರು ತಿಂಗಳಲ್ಲಿ ಕಲಿತವು.

"ಈಗ ಚಪ್ಪಾಳೆ ತಟ್ಟು" ಅಂದರು. ಅಲ್ಲಿಯ ಮಕ್ಕಳಿಗೆ ಶಾಲೆಯಲ್ಲಿ ಉಚ್ಚಾರದ ತುಣುಕುಗಳನ್ನು ಚಪ್ಪಾಳೆ ತಟ್ಟಿಸಿ ಎಣಿಸುತ್ತಾರೆ. ನಾನು ಚೀಟಿ ನೋಡಿಕೊಂಡು ಪದ ಪದವಾಗಿ ತಟ್ಟಿದೆ, ಹತ್ತೊಂಬತ್ತು ಚಪ್ಪಾಳೆ ಬಂದವು. ಅವರು ತಮ್ಮ ಮಾತಿನಂತೆ ತಟ್ಟಿದರು, ಹದಿನಾರು. ಮೂರು ಚಪ್ಪಾಳೆ ಎಲ್ಲಿ ಹೋದವು ಅನ್ನುವುದೇ ನನ್ನ ಪಾಠದ ಆರಂಭ.

ಮನೆಗೆ ಬಂದು ಅವರು ತಟ್ಟಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದುಕೊಂಡೆ: ಓ-ಯೆ-ಕ್ಯಾ-ಲ-ಸೋ-ಚೊ-ಬಾ-ಬೇ-ರೂ-ನಾ-ರೆವ್-ನ್ಯೋ-ನೆ-ನೆಲ್-ಪೊರ್-ತಾಲ್. ಬರೆಯುವಾಗಲೇ ಕೈಗೆ ಒಂದು ವಿಷಯ ಹತ್ತಿತು. ರೋಮನ್ ಲಿಪಿಯಲ್ಲಿ ವ್ಯಂಜನ ಒಂದು ಅಕ್ಷರ, ಸ್ವರ ಇನ್ನೊಂದು. ಎರಡು ಪದಗಳ ನಡುವೆ ಜಾಗ ಬಿಟ್ಟರೆ ಅವು ಅಲ್ಲಲ್ಲೇ ನಿಲ್ಲುತ್ತವೆ. ಕನ್ನಡದಲ್ಲಿ ಸ್ ಅಂದ ಮೇಲೆ ಓ ಬಂದರೆ ಕೈ ತಾನಾಗಿ 'ಸೋ' ಬರೆಯುತ್ತದೆ. ಸ್ಪ್ಯಾನಿಶ್ ನಾಲಿಗೆ ಮಾಡುವುದೂ ಇದನ್ನೇ. 'ಲಾಸ್' ಪದದ ಕೊನೆಯ ಸ್ ತನ್ನ ಪದವನ್ನು ಬಿಟ್ಟು 'ಓಚೊ' ಪದದ ಮೊದಲ ಸ್ವರವನ್ನು ಏರುತ್ತದೆ, 'ಲ-ಸೋ-ಚೊ' ಆಗುತ್ತದೆ. 'ರೆವ್‌ನ್ಯೋನ್' ಪದದ ಕೊನೆಯ ನ್ 'ಎನ್' ಪದದ ಎ ಮೇಲೆ ಕೂರುತ್ತದೆ. ಆ 'ಎನ್' ಪದದ ನ್ ಸುಮ್ಮನಿರದೆ ಮುಂದಿನ 'ಎಲ್' ಮೇಲೆ ಕೂರುತ್ತದೆ. ಹಾಗೆ ಹುಟ್ಟಿದ್ದು ನನ್ನ 'ನೆನೆಲ್'. ಮೊದಲ ನ್ ಒಂದು ಪದದ್ದು, ಎರಡನೆಯ ನ್ ಇನ್ನೊಂದರದ್ದು, ಕೊನೆಯ ಲ್ ಮೂರನೆಯದರದ್ದು.

ಸ್ಪ್ಯಾನಿಶ್ ಭಾಷೆಗೆ ವ್ಯಂಜನ, ಅದರ ಮೇಲೆ ಸ್ವರ, ಈ ಗುಣಿತಾಕ್ಷರದ ಆಕಾರ ಬಹಳ ಇಷ್ಟ. ಒಂದು ಪದ ವ್ಯಂಜನದಲ್ಲಿ ಮುಗಿದು ಮುಂದಿನದು ಸ್ವರದಿಂದ ಶುರುವಾದರೆ, ನಡುವೆ ಉಸಿರು ನಿಲ್ಲದಿದ್ದರೆ, ಈ ದಾಟುವಿಕೆ ನಡೆದೇ ನಡೆಯುತ್ತದೆ. ಇದು ಅವಸರದ ಮಾತಿನ ದೋಷವಲ್ಲ; ಸುದ್ದಿ ಓದುವವರೂ ಹೀಗೆಯೇ ಓದುತ್ತಾರೆ. ಇನ್ನೊಂದು ಸಂಗತಿ ಗಮನಿಸಿ: ಈ ದಾಟುವಿಕೆಯಿಂದ ಚಪ್ಪಾಳೆಯ ಲೆಕ್ಕ ಕಡಿಮೆಯಾಗುವುದಿಲ್ಲ. ಗಡಿ ಸರಿಯುತ್ತದೆ, ಅಷ್ಟೆ.

ಲೆಕ್ಕ ಕಡಿಮೆ ಮಾಡುವುದು ಸ್ವರಗಳು. ಒಂದು ಪದ ಸ್ವರದಲ್ಲಿ ಮುಗಿದು ಮುಂದಿನದು ಸ್ವರದಿಂದಲೇ ಶುರುವಾದರೆ ಎರಡೂ ಒಂದೇ ಚಪ್ಪಾಳೆಯೊಳಗೆ ಸೇರುತ್ತವೆ. ಇದಕ್ಕೆ ಅವರು ಸಿನಲೇಫಾ ಅನ್ನುತ್ತಾರೆ. ಅಲ್ಲಿ ಛಂದಸ್ಸಿನ ಲೆಕ್ಕವೂ ಹೀಗೆ ಕೂಡಿದ ಮೇಲಿನದೇ. 'ಕೆ ಆ' ಎರಡು ತುಣುಕಾಗಿದ್ದದ್ದು 'ಕ್ಯಾ' ಆಯಿತು, ಅಲ್ಲಿಗೆ ಒಂದು ಹೋಯಿತು. ಇನ್ನು 'ಬಾ ಆ ಅಬೇರ್'. ಬರಹದಲ್ಲಿ ಈ ಮೂರನೆಯ ಪದದ ಮೊದಲು ಒಂದು ಹ ಅಕ್ಷರವಿದೆ, ಆದರೆ ಸ್ಪ್ಯಾನಿಶ್‌ನಲ್ಲಿ ಆ ಅಕ್ಷರಕ್ಕೆ ಸದ್ದಿಲ್ಲ. ಹಾಗಾಗಿ ಮೂರು ಅಕಾರಗಳು ಸಾಲಾಗಿ ನಿಂತಿವೆ. ಸಾಲಾಗಿ ನಿಂತ ಒಂದೇ ಜಾತಿಯ ಸ್ವರಗಳು ಒಂದಾಗಿಬಿಡುತ್ತವೆ: 'ಬಾಬೇರ್'. ಇಲ್ಲಿ ಎರಡು ಹೋದವು. ಒಟ್ಟು ಮೂರು, ಹತ್ತೊಂಬತ್ತು ಹದಿನಾರಾಯಿತು. ಈ ಲೆಕ್ಕ ತಾಳೆಯಾದ ರಾತ್ರಿ ನನಗಾದ ಸಂತೋಷ ದೊಡ್ಡದು. ನಡುವಿನ ಆ ಪುಟ್ಟ 'ಆ' ನನ್ನ ಕಿವಿಯ ದೋಷದಿಂದ ತಪ್ಪಿಹೋಗಿರಲಿಲ್ಲ. ಅದು ಪಕ್ಕದ ಅಕಾರಗಳೊಳಗೆ ಕರಗಿತ್ತು.

ಧಾರವಾಡದ ಶಾಲೆಯಲ್ಲಿ ಲೋಪ, ಆಗಮ, ಆದೇಶ ಅಂತ ಸಂಧಿ ಬಾಯಿಪಾಠ ಮಾಡಿದವಳಿಗೆ ಇದು ತೀರಾ ಹೊಸದಲ್ಲ. ಊರು, ಅಲ್ಲಿ ಎರಡೂ ಸೇರಿ ಊರಲ್ಲಿ. ವ್ಯತ್ಯಾಸವಿರುವುದು ಬರಹದಲ್ಲಿ. ನಾವು ಸಂಧಿಯಾದದ್ದನ್ನು ಆದ ಹಾಗೆಯೇ ಬರೆಯುತ್ತೇವೆ. ಸ್ಪ್ಯಾನಿಶ್ ಬರಹದಲ್ಲಿ ಹೀಗೆ ಕೂಡಿಸಿ ಬರೆಯುವ ನಿಯಮವಿರುವುದು ಎರಡೇ ಕಡೆ: 'ಆ' ಮತ್ತು 'ಎಲ್' ಸೇರಿ 'ಆಲ್', 'ದೆ' ಮತ್ತು 'ಎಲ್' ಸೇರಿ 'ದೆಲ್'. ಉಳಿದ ಸಾವಿರಾರು ಕೂಡಿಕೆಗಳು ಬಾಯಲ್ಲಿ ಮಾತ್ರ ನಡೆಯುತ್ತವೆ, ಕಾಗದದ ಮೇಲೆ ಪದಗಳು ದೂರ ದೂರ ನಿಂತಿರುತ್ತವೆ. ಓದಿ ಕಲಿತವರು ಆ ಖಾಲಿ ಜಾಗವನ್ನೇ ಕಿವಿಯಲ್ಲೂ ಹುಡುಕುತ್ತಾರೆ.

ನಾನು ಆ ಖಾಲಿ ಜಾಗವನ್ನು ನಿಜಕ್ಕೂ ಹುಡುಕಿದೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಮಾಡಿದ ಪ್ರಾಟ್ ಎಂಬ ಉಚಿತ ತಂತ್ರಾಂಶವಿದೆ. ಧ್ವನಿವಿಜ್ಞಾನ ಓದುವವರೆಲ್ಲ ಬಳಸುವಂಥದ್ದು. ಸಂದೇಶವನ್ನು ಅದರೊಳಗೆ ತೆರೆದರೆ ಮೇಲೆ ದನಿಯ ಅಲೆ, ಕೆಳಗೆ ಬೂದುಬಣ್ಣದ ಪಟ್ಟೆಗಳ ಚಿತ್ರ ಬರುತ್ತದೆ. ಮೌಸಿನಿಂದ ಒಂದು ತುಂಡನ್ನು ಆಯ್ದು ಟ್ಯಾಬ್ ಕೀಲಿ ಒತ್ತಿದರೆ ಅಷ್ಟೇ ತುಂಡು ಕೇಳಿಸುತ್ತದೆ. ಹದಿಮೂರು ಪದಗಳ ನಡುವೆ ಹನ್ನೆರಡು ಸಂದುಗಳಿರಬೇಕು. ಅಲೆ ಸಪಾಟಾಗಿ ಮಲಗಿರುವ, ಸದ್ದೇ ಇಲ್ಲದ ಜಾಗಗಳು ನನಗೆ ಸಿಕ್ಕಿದ್ದು ನಾಲ್ಕು.

ಆ ನಾಲ್ಕನ್ನು ಒಂದೊಂದಾಗಿ ಕೇಳಿದೆ. ಒಂದು 'ಕೆ' ಪದದ ಕ್ ಮುಂಚೆ. ಇನ್ನೊಂದು 'ಓಚೊ' ಪದದ ಹೊಟ್ಟೆಯಲ್ಲಿ, ಚ್ ಮುಂಚೆ. ಮೂರನೆಯದು 'ಪೊರ್ತಾಲ್' ಪದದ ಪ್ ಮುಂಚೆ, ನಾಲ್ಕನೆಯದು ಅದೇ ಪದದ ನಡುವೆ ತ್ ಮುಂಚೆ. ಅಂದರೆ ನಾಲ್ಕರಲ್ಲಿ ಎರಡು ಮೌನಗಳು ಪದದ ಒಳಗೇ ಇವೆ. ಪದದ ಮೊದಲಿಗೆ ಬಂದ ಇನ್ನೆರಡೂ ಪದ ಶುರುವಾಯಿತು ಅಂತ ಬಂದವಲ್ಲ. ಕ, ಚ, ತ, ಪ ಅನ್ನಲು ಬಾಯಿಯನ್ನು ಎಲ್ಲಾದರೂ ಒಂದು ಕಡೆ ಪೂರ್ತಿ ಮುಚ್ಚಬೇಕು. ಮುಚ್ಚಿದ ಆ ಒಂದು ಕ್ಷಣ, ಒಂದು ಸೆಕೆಂಡಿನ ಹದಿನೈದನೇ ಭಾಗಕ್ಕಿಂತ ಹೆಚ್ಚೇನಿಲ್ಲ, ಸದ್ದು ಇರುವುದಿಲ್ಲ. ಮೌನ ಹುಟ್ಟುವುದು ವ್ಯಂಜನದಿಂದ, ಪದದ ಗಡಿಯಿಂದಲ್ಲ. 'ನ್ಯೋನೆನೆಲ್' ಇರುವ ಜಾಗದಲ್ಲಂತೂ ಅಲೆ ಒಂದೇ ಸಮ ಹರಿಯುತ್ತಿತ್ತು, ಕತ್ತರಿ ಇಡಲು ಜಾಗವಿರಲಿಲ್ಲ.

ವೇಗವನ್ನು ಅರ್ಧಕ್ಕೆ ಇಳಿಸಿಯೂ ನೋಡಿದೆ. ನಿಧಾನವಾದರೆ ಪದಗಳು ಬಿಡಿಬಿಡಿಯಾಗುತ್ತವೆ ಅನ್ನುವುದು ನನ್ನ ನಂಬಿಕೆಯಾಗಿತ್ತು. ಆಗಲಿಲ್ಲ. 'ನೆನೆಲ್' ಉದ್ದವಾದ 'ನೆನೆಲ್' ಆಯಿತು ಅಷ್ಟೆ. ತರಗತಿಯ ಧ್ವನಿಮುದ್ರಣಗಳು ಯಾಕೆ ಅಷ್ಟು ಸುಲಭವಾಗಿ ಅರ್ಥವಾಗುತ್ತಿದ್ದವು ಅನ್ನುವುದು ಆಗ ತಿಳಿಯಿತು. ಅಲ್ಲಿ ಮಾತನಾಡುವವರು ನಿಧಾನ ಮಾಡುವುದರ ಜೊತೆಗೆ ಪದ ಪದದ ನಡುವೆ ಬೇಕೆಂದೇ ನಿಲ್ಲುತ್ತಿದ್ದರು. ನಿಂತ ಕೂಡಲೇ ಸ್ ತನ್ನ ಪದದಲ್ಲೇ ಉಳಿಯುತ್ತದೆ, ಮೂರು ಅಕಾರಗಳು ಮೂರಾಗಿಯೇ ಕೇಳಿಸುತ್ತವೆ. ಎರಡು ವರ್ಷ ನಾನು ಕೇಳಿದ್ದು ಬೀದಿಯಲ್ಲಿಲ್ಲದ ಒಂದು ಸ್ಪ್ಯಾನಿಶ್. ಕಲಿಸುವವರು ಆರಂಭದಲ್ಲಿ ಹಾಗೆ ಮಾಡುವುದು ಸರಿ. ಆದರೆ ಆರು ತಿಂಗಳಾದ ಮೇಲೂ ಅದನ್ನೇ ಕೇಳಿಸುತ್ತಾ ಹೋದರೆ ವಿದ್ಯಾರ್ಥಿಯ ಕಿವಿ ತಪ್ಪು ಜಾಗದಲ್ಲಿ ಕಾಯುವುದನ್ನು ರೂಢಿ ಮಾಡಿಕೊಳ್ಳುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನು ವೇಗದ ಮಾತು. ಆ ಹದಿನಾರು ತುಣುಕುಗಳು ಎರಡು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತಿನಲ್ಲಿ ಮುಗಿದಿದ್ದವು. 2011ರಲ್ಲಿ ಪೆಲ್ಲೆಗ್ರಿನೋ, ಕೂಪೆ, ಮಾರ್ಸಿಕೋ ಎಂಬ ಮೂವರು ಹಲವು ಭಾಷೆಗಳನ್ನು ಹೋಲಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಪ್ಯಾನಿಶ್ ಓದುವವರು ಸೆಕೆಂಡಿಗೆ ಸರಾಸರಿ 7.82 ತುಣುಕು ಉಚ್ಚರಿಸಿದರೆ ಇಂಗ್ಲಿಷ್‌ನವರು 6.19 ಉಚ್ಚರಿಸಿದ್ದರು. ಆದರೆ ಸ್ಪ್ಯಾನಿಶ್‌ನ ಒಂದೊಂದು ತುಣುಕು ಹೊರುವ ಅರ್ಥದ ಭಾರ ಕಡಿಮೆ, ಆದ್ದರಿಂದ ಒಟ್ಟು ವಿಷಯ ಸಾಗುವ ವೇಗದಲ್ಲಿ ಅಂತರ ಅಷ್ಟಿಲ್ಲ ಎಂಬುದು ಅವರ ತೀರ್ಮಾನ. ಅಜ್ಜಿ ಅವಸರ ಮಾಡಿರಲಿಲ್ಲ. ಅವರ ಭಾಷೆಯ ಸಹಜ ನಡಿಗೆಯೇ ಅದು.

ಕಾರಣ ತಿಳಿದ ಮಾತ್ರಕ್ಕೆ ಕೇಳಿಸುವುದಿಲ್ಲ. ಕಿವಿಗೆ ಹಿಡಿಯಲು ಏನಾದರೂ ಬೇಕಿತ್ತು. ದಿನಕ್ಕೊಂದು ಸಂದೇಶ ಕಳಿಸಿ ಅಂತ ಅಜ್ಜಿಯನ್ನು ಕೇಳಿಕೊಂಡೆ, ಅವರು ಖುಷಿಯಿಂದಲೇ ಒಪ್ಪಿದರು. ಕೇಳಿದ್ದನ್ನು ಜಾಗ ಬಿಡದೆ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಅರ್ಥಕ್ಕೆ ಆಗ ಕೈ ಹಾಕುತ್ತಿರಲಿಲ್ಲ. ಬರೆದು ಮುಗಿದ ಮೇಲೆ ಅದನ್ನು ಜೋರಾಗಿ ಓದಿ ಮೂಲದ ಜೊತೆ ಹೋಲಿಸುತ್ತಿದ್ದೆ. ಎರಡೂ ಒಂದೇ ಥರ ಕೇಳಿಸಿದರೆ ನಾನು ಸದ್ದನ್ನು ಸರಿಯಾಗಿ ಹಿಡಿದಿದ್ದೇನೆ, ಇನ್ನುಳಿದಿರುವುದು ಬಿಡಿಸುವ ಕೆಲಸ.

ಬಿಡಿಸುವುದಕ್ಕೆ ಅಜ್ಜಿ ಒಂದು ಕೀಲಿ ಕೊಟ್ಟರು, ನನಗೆ ಅತಿ ಹೆಚ್ಚು ಉಪಯೋಗವಾಗಿದ್ದು ಅದೇ. ಸ್ಪ್ಯಾನಿಶ್ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ವ್ಯಂಜನದಲ್ಲಿ ಮುಗಿದರೆ ಬಹುಪಾಲು ಆರೇ ವ್ಯಂಜನ: ನ್, ಸ್, ರ್, ಲ್, ದ್, ಮತ್ತು ಮ್ಯಾಡ್ರಿಡ್‌ನವರು ನಾಲಿಗೆಯ ತುದಿಯನ್ನು ಹಲ್ಲಿಗೆ ತಾಗಿಸಿ ಊದುವ ಥ್. ಹಾಗಿದ್ದ ಮೇಲೆ ಮುಂದಿನ ಪದಕ್ಕೆ ದಾಟಿ ಬರಬಲ್ಲವರೂ ಈ ಆರು ಜನವೇ. ಅಪರಿಚಿತ ಪದವೊಂದು ಪ, ಕ, ಬ, ಗ, ಚ ಇಂದ ಶುರುವಾದಂತೆ ಕೇಳಿಸಿದರೆ ಅದು ಹೆಚ್ಚುಕಡಿಮೆ ನಿಜವಾದ ಆರಂಭವೇ. ನ, ಸ, ರ, ಲ ಇಂದ ಶುರುವಾದಂತೆ ಕೇಳಿಸಿದರೆ ಮೊದಲ ವ್ಯಂಜನವನ್ನು ಕಿತ್ತು ಹಿಂದಿನ ಪದಕ್ಕೆ ಕೊಟ್ಟು ನೋಡಬೇಕು.

ನೀರಿನ ವಿಷಯದಲ್ಲಿ ಅಜ್ಜಿ ಹೇಳಿದ್ದ ಮಾತನ್ನೇ ಇದಕ್ಕೆ ಹಚ್ಚಿ ನೋಡಿದೆ. ನನ್ನ ಪುಸ್ತಕದಲ್ಲಿ ಹೀಗೆ ಬರೆದುಕೊಂಡಿದ್ದೆ: ಬನಕೊರ್ತಾರೆಲಾಗ್ವ. ಕೊನೆಯಿಂದ ಬಿಚ್ಚಲು ಶುರುಮಾಡಿದೆ. 'ಲಾಗ್ವ' ಗೊತ್ತಿಲ್ಲ. ಲ್ ಕಿತ್ತರೆ 'ಆಗ್ವ', ನೀರು. ಕಿತ್ತ ಲ್ ಹಿಂದಿನ 'ರೆ'ಗೆ ಸೇರಿ 'ರೆಲ್' ಆಯಿತು. ಅದೂ ಗೊತ್ತಿಲ್ಲ. ರ್ ಕಿತ್ತರೆ 'ಎಲ್'. ಆ ರ್ ಹಿಂದಕ್ಕೆ ಹೋಗಿ 'ಕೊರ್ತಾರ್', ಕತ್ತರಿಸುವುದು. ಉಳಿದದ್ದು 'ಬನ', ಅದರ ನ್ ಹಿಂದಕ್ಕೆ ಹೋದರೆ 'ಬಾನ್ ಆ'. ಬಾನ್ ಆ ಕೊರ್ತಾರ್ ಎಲ್ ಆಗ್ವ, ನೀರು ನಿಲ್ಲಿಸಲಿದ್ದಾರೆ. ಏಳು ತುಣುಕು ಬಿಡಿಸಿದಾಗಲೂ ಏಳೇ, ಕೂಡಿದಾಗಲೂ ಏಳೇ. ಐದು ಪದಗಳ ನಡುವಿನ ನಾಲ್ಕು ಗಡಿಗಳಲ್ಲಿ ಮೂರು ಮಾತ್ರ ಒಂದೊಂದು ವ್ಯಂಜನದಷ್ಟು ಎಡಕ್ಕೆ ಸರಿದಿದ್ದವು. ಪುಸ್ತಕದ ಆ ಪುಟ ಇನ್ನೂ ನನ್ನ ಹತ್ತಿರ ಇದೆ, ಸೀಸದಕಡ್ಡಿಯ ಬಾಣಗಳೆಲ್ಲ ಬಲದಿಂದ ಎಡಕ್ಕೆ ಹೋಗಿವೆ.

ಅದೇ ವಾಕ್ಯ ಇನ್ನೊಂದು ಪ್ರಶ್ನೆಗೂ ಉತ್ತರ ಕೊಟ್ಟಿತು. 'ಆಗ್ವ' ಸ್ತ್ರೀಲಿಂಗ ಪದ, ಆದರೂ ಅದರ ಹಿಂದೆ ಪುಲ್ಲಿಂಗದ 'ಎಲ್' ಯಾಕೆ ಬರುತ್ತದೆ ಅಂತ ತರಗತಿಯಲ್ಲಿ ಕೇಳಿದಾಗ 'ನಿಯಮ' ಅನ್ನುವ ಉತ್ತರ ಸಿಕ್ಕಿತ್ತು. ಹಳೆಯ ಸ್ಪ್ಯಾನಿಶ್‌ನಲ್ಲಿ ಈ 'ಎಲ್' ಪದದ ಸ್ತ್ರೀಲಿಂಗ ರೂಪ 'ಎಲಾ' ಆಗಿತ್ತು. ವ್ಯಂಜನದ ಮುಂದೆ ಅದರ ಎ ಬಿದ್ದು 'ಲಾ' ಉಳಿಯಿತು. ಒತ್ತಿ ಹೇಳುವ ಅಕಾರದ ಮುಂದೆ ಅದರ ಕೊನೆಯ ಆ ಮುಂದಿನ ಅಕಾರದೊಳಗೆ ಕರಗಿ 'ಎಲ್' ಉಳಿಯಿತು. ನೂರಾರು ವರ್ಷದ ಹಿಂದೆ ಯಾರದೋ ಬಾಯಲ್ಲಿ ನಡೆದ ಸ್ವರಲೋಪ ವ್ಯಾಕರಣದ ನಿಯಮವಾಗಿ ಕೂತಿದೆ.

ಈ ಕೀಲಿ ಎಲ್ಲ ಬೀಗಕ್ಕೂ ಹೊಂದುವುದಿಲ್ಲ. ನಿಜವಾಗಿಯೇ ಲ ಇಂದ ಶುರುವಾಗುವ ಪದಗಳಿವೆಯಲ್ಲ. 'ಎಲ್ ಲಾದೊ' ಅಂದರೆ ಆ ಬದಿ, 'ಎಲಾದೊ' ಅಂದರೆ ಐಸ್‌ಕ್ರೀಂ. ಮೊದಲನೆಯದನ್ನು ಕೂಡಿಸಿ ಹೇಳಿದರೆ ಎಲ್ಲಾದೊ. ಇಲ್ಲಿ ಕನ್ನಡದ ಕಿವಿ ಕೈಹಿಡಿಯುತ್ತದೆ. ಹಳಿ, ಹಳ್ಳಿ ಬೇರೆ ಅಂತ ತೊಟ್ಟಿಲಿನಿಂದ ಕೇಳಿಕೊಂಡು ಬಂದವರಿಗೆ ಒತ್ತಕ್ಷರ ತಪ್ಪಿಹೋಗುವುದಿಲ್ಲ. 'ಉನೋಂಬ್ರೆ' ಅಂದರೆ ಒಬ್ಬ ಮನುಷ್ಯ, 'ಉನ್ನೋಂಬ್ರೆ' ಅಂದರೆ ಒಂದು ಹೆಸರು. ನಿಧಾನವಾಗಿ ಹೇಳಿದಾಗ ನನಗೆ ಪ್ರತಿ ಸಲವೂ ವ್ಯತ್ಯಾಸ ಕೇಳಿಸುತ್ತಿತ್ತು. ಆದರೆ ಭರದ ಮಾತಿನಲ್ಲಿ ಆ ಒತ್ತೂ ಸವೆದುಹೋಗುತ್ತದೆ, ಆಗ ಅಲ್ಲಿಯವರಿಗೂ ದಾರಿ ತೋರಿಸುವುದು ಸಂದರ್ಭವೇ.

ಸದ್ದಿನಲ್ಲಿ ವ್ಯತ್ಯಾಸವೇ ಇಲ್ಲದ ಜೋಡಿಗಳೂ ಇವೆ. 'ಅಬೇರ್' ಎಂಬ ಇರುವಿಕೆಯ ಕ್ರಿಯಾಪದ ಒಂದು, 'ಆ ಬೇರ್' ಅಂದರೆ 'ನೋಡೋಣ' ಇನ್ನೊಂದು. ಒಂದು ಪದವೋ ಎರಡೋ, ಕಿವಿಗೆ ತಿಳಿಯುವುದಿಲ್ಲ. ಸ್ಪೇನಿನಲ್ಲಿ ಹುಟ್ಟಿ ಬೆಳೆದವರೇ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯುತ್ತಾರೆ, ಮಕ್ಕಳ ನಿಬಂಧಗಳಲ್ಲಿ ಇದನ್ನು ತಿದ್ದಿ ತಿದ್ದಿ ಸಾಕಾಗಿತ್ತು ಅಂತ ಅಜ್ಜಿ ಹೇಳಿದರು. ಅಲ್ಲಿಯವರ ಕಿವಿಗೂ ಖಾಲಿ ಜಾಗ ಕೇಳಿಸುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಸಿಕ್ಕಿಲ್ಲ.

ಬರೆದುಕೊಳ್ಳುವಾಗ ಕನ್ನಡದ ಸೊನ್ನೆಯೂ ಉಪಕಾರ ಮಾಡಿತು. 'ಉನ್ ಬೇಸೊ', ಒಂದು ಮುತ್ತು, ಮಾತಿನಲ್ಲಿ 'ಉಂಬೇಸೊ' ಆಗುತ್ತದೆ. ಬ ಹೇಳಲು ತುಟಿ ಮುಚ್ಚಲೇಬೇಕು, ಹಾಗಾಗಿ ನ್ ಆಗಲೇ ಮ್ ಆಗಿರುತ್ತದೆ. 'ಉನ್ ಗಾತೊ', ಒಂದು ಬೆಕ್ಕು, ಅದರಲ್ಲಿ ಅದೇ ನ್ ಗಂಟಲ ಕಡೆ ಸರಿದು ನಮ್ಮ 'ಅಂಗಡಿ'ಯ ಸೊನ್ನೆಯಾಗುತ್ತದೆ. ಮುಂದಿನ ಅಕ್ಷರ ಎಲ್ಲಿ ಹುಟ್ಟುತ್ತದೋ ಅಲ್ಲಿಯ ಅನುನಾಸಿಕವನ್ನು ತಾನಾಗಿ ತೊಡುವ ಒಂದು ಚಿಹ್ನೆ ನಮ್ಮ ಲಿಪಿಯಲ್ಲೇ ಇದೆ. ಉಂಬೇಸೊ, ಉಂಗಾತೊ ಅಂತ ಬರೆದುಕೊಂಡು ಓದಿದರೆ ಉಚ್ಚಾರ ತಂತಾನೇ ಸರಿಯಾಗುತ್ತಿತ್ತು.

ಅದೇ ಕನ್ನಡ ಇನ್ನೊಂದು ಕಡೆ ಅಡ್ಡ ಬಂತು. ಬ್ರೆಡ್ಡಿನ ಅಂಗಡಿಯಲ್ಲಿ ನಾನು "ಎಲ್ ಪಾನ್" ಅಂದಾಗೆಲ್ಲ ಆಕೆ ಒಂದು ಗಳಿಗೆ ಕಾಯುತ್ತಿದ್ದರು, ನಾನು ಮೊದಲು ಬೇರೇನೋ ಕೇಳಿದ್ದೆ, ಅದು ತಮಗೆ ಕೇಳಿಸಲಿಲ್ಲ ಅನ್ನುವ ಹಾಗೆ. ಅಜ್ಜಿಗೆ ಹೇಳಿದೆ. ನನ್ನಿಂದಲೇ ಮತ್ತೆ ಮತ್ತೆ ಹೇಳಿಸಿದರು. "ನೀನು ಎಲ್ ಅನ್ನುತ್ತಿಲ್ಲ ಮಗಳೇ, ಯೆಲ್ ಅನ್ನುತ್ತಿದ್ದೀಯ." ನಾವು ಪದದ ಮೊದಲ ಎ ಸ್ವರವನ್ನು ಯೆ ಅನ್ನುತ್ತೇವೆ, ಎಲೆಯನ್ನು ಯೆಲೆ ಅಂದ ಹಾಗೆ, ನಮಗೆ ಅದು ಕೇಳಿಸುವುದೂ ಇಲ್ಲ. ಸ್ಪ್ಯಾನಿಶ್‌ನಲ್ಲಿ 'ಮತ್ತು' ಅನ್ನುವುದಕ್ಕೆ ಇರುವ ಪದ 'ಇ'. ಅದು ಎಲ್ ಜೊತೆ ಕೂಡಿದರೆ ಸರಿಯಾಗಿ 'ಯೆಲ್' ಆಗುತ್ತದೆ. ನಾನು ಅಂಗಡಿಗೆ ಹೋಗಿ ಬಾಯಿ ತೆರೆದ ಕೂಡಲೇ "ಮತ್ತು ಬ್ರೆಡ್ಡು" ಅನ್ನುತ್ತಿದ್ದೆ. ತಿದ್ದಿಕೊಳ್ಳಲು ಮೂರು ವಾರ ಬೇಕಾಯಿತು. ಹಿಂದಿನ ಪದದ ವ್ಯಂಜನವನ್ನು ಎ ಮೇಲೆ ಕೂರಿಸುವುದೇ ಅದಕ್ಕೆ ಮದ್ದು. 'ಕೋನ್ ಎಲ್ ಪಾನ್' ಎಂಬುದನ್ನು 'ಕೊ-ನೆಲ್-ಪಾನ್' ಅಂತ ಹೇಳಿದರೆ ಯಕಾರ ನುಸುಳಲು ಜಾಗವೇ ಇರುವುದಿಲ್ಲ.

ಪೂರ್ತಿ ಬಿದ್ದುಹೋಗುವ ಸದ್ದುಗಳ ಕಥೆ ಬೇರೆ. ಮ್ಯಾಡ್ರಿಡ್‌ನ ಮಾತಿನಲ್ಲಿ 'ಆದೊ' ಅಂತ ಮುಗಿಯುವ ಪದಗಳ ದ್ ಬಹಳ ಸಲ ಇರುವುದೇ ಇಲ್ಲ. ಕನ್ಸಾದೊ, ದಣಿದಿದ್ದೇನೆ ಅನ್ನುವುದು, ಕನ್ಸಾವ್ ಆಗುತ್ತದೆ. ಸ್ವರಗಳ ನಡುವಿನ ದ್ ಹೇಗಿದ್ದರೂ ನಾಲಿಗೆ ಹಲ್ಲನ್ನು ಪೂರ್ತಿ ಮುಟ್ಟದ ಮೆತ್ತನೆಯ ಸದ್ದು, ಇನ್ನೊಂದಿಷ್ಟು ಮೆತ್ತಗಾದರೆ ಇಲ್ಲವಾಗುತ್ತದೆ. 'ಪಾರಾ' ಬರೀ 'ಪಾ' ಆಗುತ್ತದೆ. ಇವು ಆಡುಮಾತಿನವು, ಕೂಡಿಕೆಯಂತೆ ಎಲ್ಲೆಡೆ ನಡೆಯುವುದಿಲ್ಲ. ಅರ್ಜಿ ಕೊಡಲು ಹೋದಾಗ ಅಥವಾ ಭಾಷಣದಲ್ಲಿ 'ಪಾ' ಅನ್ನುವುದಿಲ್ಲ. ಇನ್ನು ನಮ್ಮ ಬೀದಿಯ ತರಕಾರಿಯವರು ಆಂಡಲೂಸಿಯಾ ಕಡೆಯವರು. ಅವರ ಬಾಯಲ್ಲಿ ತುಣುಕಿನ ಕೊನೆಯ ಸ್ ಬರೀ ಉಸಿರಾಗುತ್ತದೆ, 'ಲಾಸ್ ಓಚೊ' ಅನ್ನುವುದು 'ಲಹೋಚೊ' ಅಂತ ಕೇಳಿಸುತ್ತದೆ. ಆರು ವ್ಯಂಜನಗಳ ಪಟ್ಟಿ ಅವರ ಹತ್ತಿರ ನಡೆಯುವುದಿಲ್ಲ, ಅದಕ್ಕೆ ಒಂದು ಹ್ ಸೇರಿಸಿಕೊಳ್ಳಬೇಕು. ನಾನು ಇನ್ನೂ ಸೇರಿಸಿಕೊಳ್ಳುತ್ತಲೇ ಇದ್ದೇನೆ.

ಮೊನ್ನೆ ಅಜ್ಜಿಯ ಮನೆಯಲ್ಲಿ ಕೂತಿದ್ದಾಗ ಅವ್ವನ ಫೋನ್ ಬಂತು. ಮಾತು ಮುಗಿಸಿ ಇಟ್ಟ ಮೇಲೆ ಅಜ್ಜಿ ಕೇಳಿದರು, "ನಿಮ್ಮಮ್ಮ ಮೊದಲಿಗೇ ಒಂದು ಉದ್ದನೆಯ ಪದ ಹೇಳಿದರಲ್ಲ, ಅದೇನು?" ನಾನು ಹೇಳಿದೆ, ಅದು ಒಂದಲ್ಲ, ಮೂರು ಪದ, ಊಟ ಆಯಿತೇ ಅಂತ ಕೇಳಿದರು. "ಇನ್ನೊಮ್ಮೆ ಹೇಳು, ಅವರು ಹೇಳಿದ ಹಾಗೇ ಹೇಳು." ಊಟಾತೇನು. ಅವರು ಚಪ್ಪಾಳೆ ತಟ್ಟಿದರು: ಊ, ಟಾ, ತೇ, ನು. ಆಮೇಲೆ ಮೇಜಿನ ಮೇಲಿದ್ದ ಚೀಟಿಯಲ್ಲಿ ತಮ್ಮ ಲಿಪಿಯಲ್ಲಿ ಅದನ್ನು ಬರೆದುಕೊಂಡು, ನಡುವೆ ಸೀಸದಕಡ್ಡಿಯಿಂದ ಒಂದು ಗೆರೆ ಎಳೆದು, ಗೆರೆಯ ಬಲಗಡೆ ಉಳಿದದ್ದರ ಮೇಲೆ ಬೆರಳಿಟ್ಟರು.

"ತೇನು ಅಂದರೆ ಏನು?"